ಮಾವಿನ ತೋಟದ ಕ್ಯಾಶ್ ಫ್ಲೋ: ಫಸಲು ಬರೋವರೆಗೆ ಕೈಯಲ್ಲಿ ಎಷ್ಟು ದುಡ್ಡು ಇರಬೇಕು?

ತೋಟದದಾರಿ
ಎಲ್ಲರಿಗೂ ನಮಸ್ಕಾರ. ಕಸಿ ಮಾವಿನ ತೋಟ ಹಾಕ್ಬೇಕು ಅಂತ ಇದೀನಿ. ಜಮೀನು ಸ್ವಂತದ್ದು, ನೀರಿಗೆ ತೊಂದರೆ ಇಲ್ಲ. ತಲೆಬಿಸಿ ಇರೋದು ದುಡ್ಡಿನ ಲೆಕ್ಕದಲ್ಲಿ. ಎಕ್ಸೆಲ್‌ನಲ್ಲಿ ಒಂದು ಶೀಟ್ ಮಾಡಿದೀನಿ. ರೇಟು ಒಂದೊಂದು ಕಡೆ ಒಂದೊಂದು ಥರ ಇರುತ್ತೆ ಅಂತ, ಶುರುವಿನ ಖರ್ಚೆಲ್ಲಾ (ಗುಂಡಿ, ಗಿಡ, ಡ್ರಿಪ್, ಬೇಲಿ) ಸೇರಿಸಿ 100 ಅಂತ ಇಟ್ಕೊಂಡು ಉಳಿದದ್ದನ್ನೆಲ್ಲಾ ಅದರ ಲೆಕ್ಕದಲ್ಲೇ ಹಾಕಿದೀನಿ.

ಶುರುವಿನ ವರ್ಷ: ಖರ್ಚು 100
1ನೇ ವರ್ಷ: ಖರ್ಚು 20
2ನೇ ವರ್ಷ: ಖರ್ಚು 20
3ನೇ ವರ್ಷ: ಖರ್ಚು 22
4ನೇ ವರ್ಷ: ಖರ್ಚು 25, ಆದಾಯ 8
5ನೇ ವರ್ಷ: ಖರ್ಚು 30, ಆದಾಯ 22
6ನೇ ವರ್ಷ: ಖರ್ಚು 35, ಆದಾಯ 40
7ನೇ ವರ್ಷ: ಖರ್ಚು 40, ಆದಾಯ 60
8ನೇ ವರ್ಷ: ಖರ್ಚು 45, ಆದಾಯ 85
9ನೇ ವರ್ಷ: ಖರ್ಚು 48, ಆದಾಯ 105
10ನೇ ವರ್ಷ: ಖರ್ಚು 50, ಆದಾಯ 120, ಆಮೇಲೆ ಹೆಚ್ಚುಕಮ್ಮಿ ಇದೇ

ಮೊದಲ ಫಸಲು 4ನೇ ವರ್ಷಕ್ಕೆ, ಅಲ್ಲಿವರೆಗೆ 100+20+20+22 ಅಂದ್ರೆ 162. ಅಷ್ಟು ಕೈಯಲ್ಲಿದ್ರೆ ಆಮೇಲೆ ತೋಟ ತನ್ನ ಖರ್ಚು ತಾನೇ ನೋಡ್ಕೊಳ್ಳುತ್ತೆ ಅಲ್ವಾ? ಇದರಲ್ಲಿ ಏನಾದ್ರೂ ಬಿಟ್ಟುಹೋಗಿದ್ರೆ ಹೇಳಿ.

ಹಸಿರುಮನೆ
ಯಾವ ತಳಿ ಹಾಕ್ತಿದೀರಾ ಸರ್? ನಮ್ದು ಎರಡನೇ ವರ್ಷಕ್ಕೇ ಕಾಯಿ ಬಿಟ್ಟಿತ್ತು, ನಾಲ್ಕು ವರ್ಷ ಯಾಕೆ ಕಾಯ್ಬೇಕು?

ತೋಟದದಾರಿ
@ಹಸಿರುಮನೆ ತಳಿ ಇನ್ನೂ ಫೈನಲ್ ಆಗಿಲ್ಲ ಸರ್. ನನ್ನ ಪ್ರಶ್ನೆ ದುಡ್ಡಿಂದು.

ಮಣ್ಣುಮೂಲ
ಎರಡನೇ ವರ್ಷದ ಕಾಯಿ ನಂಬ್ಕೊಂಡು ಲೆಕ್ಕ ಹಾಕೋ ಹಾಗಿಲ್ಲ. ಕಸಿ ಗಿಡ ಹೂವೇನೋ ಬೇಗ ಬಿಡುತ್ತೆ, ಆದ್ರೆ ಮೊದಲ ಎರಡು ಮೂರು ವರ್ಷ ಹೂಗೊಂಚಲು ಕಿತ್ತು ಹಾಕೋದೇ ಸರಿ. ಕಾಯಿ ಬಿಟ್ರೆ ಗಿಡದ ಶಕ್ತಿ ಎಲ್ಲಾ ಅದಕ್ಕೇ ಹೋಗಿ ಕೊಂಬೆ ಬೆಳೆಯಲ್ಲ, ಮುಂದಿನ ವರ್ಷಗಳ ಫಸಲು ಕುಂಟುತ್ತೆ. ಶೀಟ್‌ನಲ್ಲಿ 3ನೇ ವರ್ಷದವರೆಗೆ ಆದಾಯ ಸೊನ್ನೆ ಇಟ್ಟಿರೋದು ಸರಿಯಾಗಿದೆ.

ಜಮಾಖರ್ಚು
ಅಣ್ಣಾ, 162 ಸಾಕಾಗಲ್ಲ. ನಿಮ್ಮ ಶೀಟ್‌ನಲ್ಲೇ ಉತ್ತರ ಇದೆ, ಒಂದು ಕಾಲಂ ಕಮ್ಮಿ ಇದೆ ಅಷ್ಟೇ. ಮೊದಲ ಫಸಲು ಬಂದ ವರ್ಷಕ್ಕೆ ಕೈಯಿಂದ ಹಾಕೋದು ನಿಲ್ಲಲ್ಲ. 4ನೇ ವರ್ಷ ಆದಾಯ 8, ಖರ್ಚು 25, ಅಂದ್ರೆ ಇನ್ನೂ 17 ಕೈಯಿಂದ. 5ನೇ ವರ್ಷ ಇನ್ನೊಂದು 8. ಆದಾಯ ಖರ್ಚನ್ನ ದಾಟೋದು 6ನೇ ವರ್ಷ. ಹಾಗಾಗಿ ವರ್ಷ ವರ್ಷದ ಬಾಕಿ ಕೂಡಿಸ್ತಾ ಹೋಗೋ ಕಾಲಂ ಒಂದು ಹಾಕಿ, ಅದರಲ್ಲಿ ಎಲ್ಲಿ ಅತಿ ಕೆಳಗೆ ಹೋಗುತ್ತೋ ಅದೇ ನಿಮಗೆ ಬೇಕಾದ ದುಡ್ಡು. A ಕಾಲಂನಲ್ಲಿ ವರ್ಷ, B ಆದಾಯ, C ಖರ್ಚು ಅಂತ ಇಟ್ಕೊಂಡ್ರೆ ಹೀಗೆ:

```
D2:  =B2-C2
D3:  =D2+B3-C3
F2:  =MIN(D2:D12)
```

D3ಯನ್ನ ಕೆಳಗಿನವರೆಗೆ ಎಳೀರಿ. ನಾನು ಹಾಕಿ ನೋಡಿದೆ, 3ನೇ ವರ್ಷದ ಕೊನೆಗೆ ಮೈನಸ್ 162, 4ಕ್ಕೆ ಮೈನಸ್ 179, 5ಕ್ಕೆ ಮೈನಸ್ 187. ಅದೇ ತಳ. 6ರಿಂದ ಮೇಲಕ್ಕೆ ತಿರುಗಿ 10ನೇ ವರ್ಷದ ಕೊನೆಗೆ ಪ್ಲಸ್ 5. ಅಂದ್ರೆ ಹಾಕಿದ್ದು ವಾಪಸ್ ಬರೋದು 10ನೇ ವರ್ಷ, ಅದೂ ಎಲ್ಲಾ ನೀವು ಅಂದ್ಕೊಂಡ ಹಾಗೇ ನಡೆದ್ರೆ.

ತೋಟ ಅರ್ಧಕ್ಕೆ ಕೈಬಿಡೋರು ಬಹಳಷ್ಟು ಜನ ಈ 4, 5ನೇ ವರ್ಷದಲ್ಲೇ ಬಿಡೋದು. ಮರದಲ್ಲಿ ಕಾಯಿ ಕಾಣುತ್ತೆ, ಮನೆಯವರೆಲ್ಲಾ ಇನ್ನೇನು ದುಡ್ಡು ಬಂತು ಅಂತಾರೆ, ಆದ್ರೆ ಗೊಬ್ಬರಕ್ಕೂ ಔಷಧಿಗೂ ಕೈಯಲ್ಲಿ ಇರಲ್ಲ. ಸರಿಯಾಗಿ ಬೆಳೆಯೋ ಹೊತ್ತಲ್ಲಿ ಗಿಡಕ್ಕೆ ಗೊಬ್ಬರ ತಪ್ಪಿದ್ರೆ 8, 9ನೇ ವರ್ಷದ ನಂಬರ್ ಬರೋದೇ ಇಲ್ಲ.

ಬೆಟ್ಟದಗಾಳಿ
ಇಷ್ಟೆಲ್ಲಾ ಯಾಕೆ? ಸಾಲ ತಗೊಳ್ಳಿ, ಹಣ್ಣಿನ ಗಿಡಕ್ಕೆ ಕೊಡೋ ಸಾಲದಲ್ಲಿ ಫಸಲು ಬರೋವರೆಗೆ ಕಂತು ಕಟ್ಟೋ ಹಾಗಿರಲ್ಲ, ಐದು ವರ್ಷ ರಜೆ. ಆಮೇಲೆ ತೋಟದ ದುಡ್ಡಲ್ಲೇ ತೀರಿಸಬಹುದು. ಕೈಯಿಂದ ಹಾಕೋದೇ ಬೇಡ.

ಅಸಲುಬಡ್ಡಿ
@ಬೆಟ್ಟದಗಾಳಿ ಅರ್ಧ ಮಾತ್ರ ನಿಜ. ಕಂತಿಗೆ ರಜೆ ಇರುತ್ತೆ, ಬಡ್ಡಿಗೆ ರಜೆ ಇರಲ್ಲ. ಎಷ್ಟೋ ಕಡೆ ರಜೆ ಅವಧಿಯಲ್ಲೂ ಬಡ್ಡಿ ಮಾತ್ರ ವರ್ಷ ವರ್ಷ ಕಟ್ಟಿ ಅಂತಾರೆ, ಇಲ್ಲಾಂದ್ರೆ ಅದನ್ನ ಅಸಲಿಗೆ ಸೇರಿಸ್ತಾರೆ. ನೂರು ರೂಪಾಯಿಗೆ 10 ಪರ್ಸೆಂಟ್ ಅಂದ್ರೆ ಐದು ವರ್ಷಕ್ಕೆ ಸೇರ್ತಾ ಸೇರ್ತಾ 161 ಆಗಿರುತ್ತೆ. ಸಾಲ ಕೊಡೋ ಕೆಲಸದಲ್ಲೇ ಬಹಳ ವರ್ಷ ಇದ್ದೋಳು ನಾನು, ಅರ್ಜಿ ಜೊತೆ ಬರೋ ಶೀಟ್‌ಗಳಲ್ಲಿ ಈ ಬಡ್ಡಿಯ ಸಾಲೇ ಇರ್ತಿರಲಿಲ್ಲ.

ಪ್ರಶ್ನೆ ಕೇಳಿದವರ ನಂಬರನ್ನೇ ತಗೊಂಡು, ಕೊರತೆ ಪೂರ್ತಿ 10 ಪರ್ಸೆಂಟ್ ಸಾಲದಿಂದಲೇ ತುಂಬಿದ್ರೆ ಏನಾಗುತ್ತೆ ಅಂತ ನೋಡಿದೆ. D3 ಬದಲಾಗಬೇಕು, F1ರಲ್ಲಿ ಬಡ್ಡಿ 0.10:

```
D3:  =IF(D2<0, D2*(1+$F$1), D2)+B3-C3
```

5ನೇ ವರ್ಷದ ಕೊನೆಗೆ ಸಾಲ 270. 6ನೇ ವರ್ಷ ತೋಟ 5 ಉಳಿಸಿದ್ರೂ ಬಡ್ಡಿನೇ 27, ಹಾಗಾಗಿ ಸಾಲ 292 ಆಗುತ್ತೆ. 7ನೇ ವರ್ಷ 20 ಉಳಿತಾಯ, ಬಡ್ಡಿ 29, ಸಾಲ 302ರ ಹತ್ತಿರ. 8ನೇ ವರ್ಷ 40 ಉಳಿದು ಬಡ್ಡಿ 30 ಆದಾಗ ಮಾತ್ರ ಇಳಿಯೋಕೆ ಶುರು. ಅಂದ್ರೆ ತಳ 5ನೇ ವರ್ಷದಿಂದ 7ನೇ ವರ್ಷಕ್ಕೆ ಹೋಯ್ತು, 187 ಇದ್ದಿದ್ದು 302 ಆಯ್ತು. 10ನೇ ವರ್ಷದಿಂದ ವರ್ಷಕ್ಕೆ 70 ಉಳೀತು ಅಂತ ಹಿಡಿದ್ರೂ ಸಾಲ ತೀರೋದು 14ನೇ ವರ್ಷ. ಈಗ ಹೇಳಿ, ಐದು ವರ್ಷ ರಜೆ ಕೊಟ್ಟು 6ನೇ ವರ್ಷದಿಂದ ಸಮ ಕಂತು ಅಂದ್ರೆ ಯಾವ ದುಡ್ಡಲ್ಲಿ ಕಟ್ತೀರಿ? 6ನೇ ವರ್ಷ ತೋಟ ಉಳಿಸೋದೇ 5.

ಬೆಟ್ಟದಗಾಳಿ
ಒಪ್ತೀನಿ ಮೇಡಂ, ಆದ್ರೆ ಯಾರೂ ಪೂರ್ತಿ ಸಾಲದಲ್ಲಿ ಮಾಡಲ್ಲ. ಮತ್ತೆ ಎಲ್ಲಾ ಇವತ್ತಿನ ರೇಟಲ್ಲಿ ಹಾಕಿದೀರಾ, ಹತ್ತು ವರ್ಷದಲ್ಲಿ ಹಣ್ಣಿನ ರೇಟ್ ಏರಲ್ವಾ?

ಜಮಾಖರ್ಚು
ಇದು ಒಳ್ಳೆ ಪಾಯಿಂಟ್, ಇದನ್ನ ಬಿಡೋಕಾಗಲ್ಲ. ಶೀಟ್‌ನಲ್ಲಿ ಆದಾಯ ಖರ್ಚು ಇವತ್ತಿನ ಬೆಲೆಯಲ್ಲಿದೆ, ಬಡ್ಡಿ ಮಾತ್ರ ಬೆಲೆ ಏರಿಕೆ ಸೇರಿದ ಬಡ್ಡಿ. ಎರಡನ್ನೂ ಕಲಸಬಾರದು. ಬೆಲೆ ಏರಿಕೆ ವರ್ಷಕ್ಕೆ 6 ಅಂತ ಹಿಡಿದ್ರೆ 10ರ ಬಡ್ಡಿ ನಿಜವಾಗಿ 3.8ರ ಹತ್ತಿರ (1.10ನ್ನ 1.06ರಿಂದ ಭಾಗಿಸಿ). ಹಾಗೆ ನೋಡಿದ್ರೆ ಮೇಡಂ ಹೇಳಿದ 14 ವರ್ಷ ಕಮ್ಮಿ ಆಗುತ್ತೆ. ಇಲ್ಲಾಂದ್ರೆ ಬಡ್ಡಿ 10 ಇಟ್ಕೊಂಡು ಆದಾಯ ಖರ್ಚು ಎರಡನ್ನೂ ವರ್ಷ ವರ್ಷ ಏರಿಸಿ. ಯಾವುದಾದ್ರೂ ಒಂದು.

ಅಸಲುಬಡ್ಡಿ
ಲೆಕ್ಕದ ಪ್ರಕಾರ ಸರಿ. ಆದ್ರೆ ಎರಡೂ ಒಂದೇ ವೇಗದಲ್ಲಿ ಏರುತ್ತೆ ಅಂತ ಯಾರು ಹೇಳಿದ್ದು? ಕೂಲಿ ಇಳಿದಿದ್ದನ್ನ ನಾನು ನೋಡಿಲ್ಲ. ಹಣ್ಣಿನ ರೇಟು ಮಾತ್ರ ಫಸಲು ಜಾಸ್ತಿ ಬಂದ ವರ್ಷ ಬೀಳುತ್ತೆ. ನಿಮ್ಮ ಅಕ್ಕಪಕ್ಕ ಎಲ್ಲರೂ ಒಂದೇ ಸಮಯಕ್ಕೆ ಗಿಡ ನೆಟ್ಟಿದ್ರೆ 8, 9ನೇ ವರ್ಷಕ್ಕೆ ಎಲ್ಲರ ಹಣ್ಣೂ ಒಟ್ಟಿಗೆ ಬರುತ್ತೆ. ಬ್ಯಾಂಕಿನ ಕಂತು ಅಂತೂ ಇವತ್ತಿನ ಬೆಲೆ, ನಾಳೆ ಬೆಲೆ ನೋಡಲ್ಲ, ಬರೆದಿದ್ದಷ್ಟು ಕಟ್ಟಬೇಕು. ಕೈಗೆ ಬರೋ ದುಡ್ಡಿನ ಲೆಕ್ಕಕ್ಕೆ ನಾನು ಖರ್ಚು ಏರಿಸಿ ಆದಾಯ ಏರಿಸದೇ ಒಂದು ಸಲ ನೋಡ್ತೀನಿ.

ಜಮಾಖರ್ಚು
ಅದು ಅತಿ ಕಟ್ಟುನಿಟ್ಟು ಆಯ್ತು ಮೇಡಂ, ಹಾಗೆ ನೋಡಿದ್ರೆ ಯಾರೂ ಯಾವತ್ತೂ ಗಿಡ ನೆಡಲ್ಲ. 15 ವರ್ಷ ಕೂಲಿ ಏರ್ತಾ ಹಣ್ಣು ಅದೇ ರೇಟಲ್ಲಿ ನಿಲ್ಲಲ್ಲ.

ಅಸಲುಬಡ್ಡಿ
ಮೊದಲ ಎಂಟು ವರ್ಷಕ್ಕಾದ್ರೂ ಹಾಗೆ ನೋಡಿ. ನನ್ನ ಅಭಿಪ್ರಾಯ ಬದಲಾಗಲ್ಲ.

ಕಾಯಿಕೊಯ್ಲು
ನಮ್ಮ ಮನೆ ತೋಟದ ಕಥೆ ಹೇಳ್ತೀನಿ. ನಮ್ಮಪ್ಪ ನರ್ಸರಿಯಿಂದ ಕಸಿ ಗಿಡ ಅಂತ ತಂದ್ರು, ಅದರಲ್ಲಿ ಒಂದಷ್ಟು ಬೀಜದ ಗಿಡ ಸೇರಿತ್ತು. ನೋಡೋಕೆ ಗೊತ್ತಾಗಲ್ಲ. ಉಳಿದವು ಹೂ ಬಿಟ್ಟಾಗ ಇವು ಎತ್ತರಕ್ಕೆ ಬೆಳೀತಾ ಇದ್ವು, ಎಲೆ ಬಿಟ್ರೆ ಬೇರೇನೂ ಇಲ್ಲ. ಅದರ ಮೇಲೆ ಮೊದಲ ಬೇಸಿಗೆಯಲ್ಲಿ ಸತ್ತ ಗಿಡಗಳ ಜಾಗಕ್ಕೆ ಮತ್ತೆ ನೆಟ್ಟಿದ್ದು ಬೇರೆ, ಅವು ಒಂದು ವರ್ಷ ಹಿಂದೆ. ಒಟ್ಟಿನಲ್ಲಿ ಲೆಕ್ಕದಲ್ಲಿ ಇಷ್ಟು ಗಿಡ ಅಂತ ಇದ್ರೂ ಕಾಯಿ ಕೊಡೋವು ಅಷ್ಟಿರಲಿಲ್ಲ, ಮನೇಲಿ ಮಾತ್ರ ಎಲ್ಲಾ ಗಿಡಕ್ಕೂ ಗುಣಿಸಿ ಕನಸು ಕಾಣ್ತಾ ಇದ್ವಿ. ಗಿಡ ತಗೊಳ್ಳುವಾಗ ಕಸಿ ಕಟ್ಟಿದ ಗಂಟು ಬುಡದ ಹತ್ರ ಕಾಣುತ್ತಾ ಅಂತ ಒಂದೊಂದನ್ನೂ ನೋಡಿ, ಮತ್ತೆ ಗಂಟಿನ ಕೆಳಗಿಂದ ಬರೋ ಚಿಗುರನ್ನ ಬಿಡದೇ ಕೀಳಿ, ಇಲ್ಲಾಂದ್ರೆ ಮೇಲಿನ ಕಸಿ ಸೋತು ಕೆಳಗಿನ ಕಾಡು ಗಿಡವೇ ಉಳಿಯುತ್ತೆ.

ಮಣ್ಣುಮೂಲ
ಇದೇ ಕಾರಣಕ್ಕೆ ಒಂದು ವರ್ಷ ತಡ ಆದ್ರೆ ಏನು ಅಂತ ಶೀಟ್‌ನಲ್ಲಿ ನೋಡ್ಲೇಬೇಕು. 3ನೇ ವರ್ಷದ ಖರ್ಚು 22 ಇನ್ನೊಂದು ಸಲ ಹಾಕಿ, ಉಳಿದದ್ದನ್ನ ಒಂದು ವರ್ಷ ಕೆಳಗೆ ಇಳಿಸಿ. ಬಡ್ಡಿ ಇಲ್ಲದ ಲೆಕ್ಕದಲ್ಲೇ ತಳ 187 ಇದ್ದಿದ್ದು 209 ಆಗುತ್ತೆ. 11ನೇ ವರ್ಷಕ್ಕೂ ಇನ್ನೂ 17 ಬಾಕಿ ಇರುತ್ತೆ, ಪೂರ್ತಿ ವಾಪಸ್ ಬರೋದು 12ನೇ ವರ್ಷ. ಫಸಲು ಒಂದೇ ವರ್ಷ ತಡ, ದುಡ್ಡು ಎರಡು ವರ್ಷ ತಡ.

ತಡ ಆಗ್ತಿದೆಯಾ ಅಂತ ಮೊದಲೇ ತಿಳ್ಕೊಳ್ಳೋಕೂ ಆಗುತ್ತೆ. 3ನೇ ವರ್ಷ ಹೂ ಕೀಳೋಕೆ ಹೋದಾಗ ಸಾಲು ಸಾಲಾಗಿ ನಡೆದು ಎಷ್ಟು ಗಿಡ ಹೂ ಬಿಟ್ಟಿದೆ, ಎಷ್ಟು ಬಿಟ್ಟಿಲ್ಲ, ಎಷ್ಟು ಖಾಲಿ ಜಾಗ ಅಂತ ಬರ್ಕೊಳ್ಳಿ. ಅರ್ಧ ಗಿಡವೂ ಹೂ ಬಿಟ್ಟಿಲ್ಲ ಅಂದ್ರೆ 4ನೇ ವರ್ಷದ 8 ಅನ್ನೋ ನಂಬರನ್ನ ಆಗಲೇ ಇಳಿಸಿ. ಕಾಯಿ ಕೊಡೋ ಗಿಡದ ಲೆಕ್ಕ ಬೇಕು, ನೆಟ್ಟ ಗಿಡದ್ದಲ್ಲ. ಇದನ್ನ ವರ್ಷ ವರ್ಷ ಮಾಡಿದ್ರೆ ಶೀಟ್ ನಿಮ್ಮ ತೋಟದ್ದೇ ಆಗುತ್ತೆ.

ಹೊಸಚಿಗುರು
ಅಂತರಬೆಳೆ ಯಾರೂ ಹೇಳಲೇ ಇಲ್ವಲ್ಲ! ಗಿಡಗಳ ಮಧ್ಯೆ ಅಷ್ಟು ಜಾಗ ಖಾಲಿ ಇರುತ್ತೆ, ಕಾಳು ತರಕಾರಿ ಹಾಕಿದ್ರೆ ಮೊದಲ ವರ್ಷದಿಂದಲೇ ದುಡ್ಡು. ನಾವು ಹಾಗೇ ನಿಭಾಯಿಸಿದ್ದು.

ಜಮಾಖರ್ಚು
@ಹೊಸಚಿಗುರು ಹಾಕಲೇಬೇಕು, ಆದ್ರೆ ಬೀಜ ಕೂಲಿ ನೀರು ಎಲ್ಲಾ ಕಳೆದು ಉಳಿದದ್ದನ್ನ ಮಾತ್ರ ಶೀಟ್‌ಗೆ ಹಾಕಿ. ಒಂದು ಉದಾಹರಣೆಗೆ 8, 8, 6, ಆಮೇಲೆ 3 ಅಂತ ಇಟ್ಕೊಳ್ಳಿ, ಒಟ್ಟು 25. ತಳ 187ರಿಂದ 162ಕ್ಕೆ ಬರುತ್ತೆ. ಸಹಾಯ ಆಗುತ್ತೆ, ಆದ್ರೆ ಅದರಲ್ಲೇ ತೋಟ ಸಾಕೋಕೆ ಆಗಲ್ಲ. ಗಿಡ ಹರಡಿ ನೆರಳು ಬಿದ್ದ ಹಾಗೆ ಅಂತರಬೆಳೆ ಇಳಿಯುತ್ತೆ, ಅದು ಇಳಿಯೋ ವರ್ಷಗಳಲ್ಲೇ ನಿಮ್ಮ ಕೊರತೆ ತಳದ ಹತ್ರ ಇರುತ್ತೆ. ಅಂತರಬೆಳೆಗೆ ಅಂತ ಬುಡದವರೆಗೂ ಉಳುಮೆ ಮಾಡಿದ್ರೆ ಮೇಲ್ಬೇರು ಹರಿದು ಗಿಡ ಸೊರಗುತ್ತೆ, ಅದನ್ನ ಯಾವ ಶೀಟ್‌ನಲ್ಲೂ ತೋರ್ಸೋಕಾಗಲ್ಲ.

ಲೆಡ್ಜರ್
ನನ್ನದು ಆಡಿಟ್ ಕೆಲಸ. ದೊಡ್ಡ ಮಟ್ಟದಲ್ಲಿ ಕಂಪನಿ ಹೆಸರಲ್ಲಿ ತೋಟ ಮಾಡೋರಿಗೆ ಒಂದು ಮಾತು. ಐಎಎಸ್ 41 ಅನ್ನೋ ಅಂತರರಾಷ್ಟ್ರೀಯ ಲೆಕ್ಕಪತ್ರ ನಿಯಮಕ್ಕೆ 2014ರಲ್ಲಿ ತಿದ್ದುಪಡಿ ಆಗಿ, 2016ರಿಂದ ಫಲ ಕೊಡೋ ಗಿಡಗಳನ್ನ ಯಂತ್ರ ಕಟ್ಟಡದ ಹಾಗೆ ಐಎಎಸ್ 16ರ ಕೆಳಗೆ ತೋರಿಸ್ತಾರೆ. ಗಿಡ ಫಸಲಿಗೆ ಬರೋವರೆಗಿನ ಖರ್ಚು ನೇರವಾಗಿ ನಷ್ಟ ಅಂತ ಹೋಗದೇ ಆಸ್ತಿಗೆ ಸೇರುತ್ತೆ. ಹಾಗಾಗಿ ಆ ವರ್ಷಗಳ ಲಾಭ ನಷ್ಟದ ಪಟ್ಟಿ ನೋಡೋಕೆ ಚೆನ್ನಾಗೇ ಇರುತ್ತೆ, ಬ್ಯಾಂಕ್ ಖಾತೆ ಮಾತ್ರ ಖಾಲಿ ಆಗ್ತಿರುತ್ತೆ. ಆ ಪಟ್ಟಿ ನೋಡಿ ದುಡ್ಡಿನ ಪ್ಲ್ಯಾನ್ ಮಾಡ್ಬೇಡಿ.

ಹಸಿರುಮನೆ
ಇದು ಸಣ್ಣ ತೋಟಕ್ಕೂ ಅನ್ವಯ ಆಗುತ್ತಾ? ತೆರಿಗೆ ಏನಾದ್ರೂ ಕಮ್ಮಿ ಆಗುತ್ತಾ?

ಲೆಡ್ಜರ್
ತೆರಿಗೆ ಬೇರೆ ವಿಷಯ, ಅದಕ್ಕೆ ಬೇರೆ ಚರ್ಚೆ ಶುರು ಮಾಡಿ, ಇಲ್ಲಿ ದಾರಿ ತಪ್ಪುತ್ತೆ.

ಕಾಯಿಕೊಯ್ಲು
ಇನ್ನೊಂದು ಮರೆತಿದ್ದೆ. 10ನೇ ವರ್ಷ ಆದ್ಮೇಲೆ ವರ್ಷ ವರ್ಷ 120 ಅಂತ ಬರೆದಿದೀರಲ್ಲ, ಮಾವು ಹಾಗೆ ಕೊಡಲ್ಲ. ಒಂದು ವರ್ಷ ಮರ ತುಂಬಾ ಬಿಟ್ರೆ ಮುಂದಿನ ವರ್ಷ ಸುಮ್ಮನಾಗುತ್ತೆ. ಹವಾಮಾನ ಕೆಟ್ಟು ಒಂದು ವರ್ಷ ಎಲ್ಲಾ ಮರದ ಹೂವೂ ಉದುರಿತು ಅಂದ್ರೆ ಮುಂದಿನ ವರ್ಷ ಎಲ್ಲಾ ಒಟ್ಟಿಗೆ ಬಿಟ್ಟು, ಅದರ ಮುಂದಿನ ವರ್ಷ ಒಟ್ಟಿಗೆ ಕೈಕೊಡ್ತವೆ. ಕೆಲವು ತಳಿಯಲ್ಲಿ ಇದು ಜೋರು, ಕೆಲವದರಲ್ಲಿ ಕಮ್ಮಿ.

ಅಸಲುಬಡ್ಡಿ
ಇದನ್ನ ಕಂತಿನ ಜೊತೆ ಇಟ್ಟು ನೋಡಿ. 120 ಸರಾಸರಿ, ನಿಜದಲ್ಲಿ ಒಂದು ವರ್ಷ 160 ಇನ್ನೊಂದು ವರ್ಷ 80 ಅಂದ್ಕೊಳ್ಳಿ. ಕೊಯ್ಲಿನ ಕೂಲಿ ಹೆಚ್ಚುಕಮ್ಮಿ ಆಗಿ ಖರ್ಚು 55 ಮತ್ತು 45. ಉಳಿಯೋದು 105 ಮತ್ತು 35. ಸರಾಸರಿ 70 ನೋಡಿ ವರ್ಷಕ್ಕೆ 60 ಕಂತು ಒಪ್ಪಿಕೊಂಡ್ರೆ ಕಮ್ಮಿ ವರ್ಷ 25 ಕೊರತೆ. ಜಾಸ್ತಿ ವರ್ಷದ ದುಡ್ಡಲ್ಲಿ ಆ 25 ಎತ್ತಿಟ್ಟಿರಬೇಕು, ಅದು ಖರ್ಚಾಗಿಹೋದ್ರೆ ಕಂತು ತಪ್ಪುತ್ತೆ. ಕಂತು ಗೊತ್ತು ಮಾಡೋವಾಗಲೇ ಕಮ್ಮಿ ವರ್ಷದ 35ನ್ನ ಮುಂದಿಟ್ಟು ಮಾತಾಡಿ.

ಬೆಟ್ಟದಗಾಳಿ
ಹಾಗಾದ್ರೆ ಅರ್ಧ ಜಾಗಕ್ಕೆ ಈಗ ನೆಟ್ಟು ಇನ್ನರ್ಧ ಮೂರು ವರ್ಷ ಬಿಟ್ಟು ನೆಡಲಿ. ಮೊದಲರ್ಧದ ದುಡ್ಡಲ್ಲಿ ಎರಡನೇದು ಆಗುತ್ತೆ, ಬೇಕಾಗೋ ದುಡ್ಡು ಅರ್ಧ.

ತೋಟದದಾರಿ
ಇದು ನನಗೂ ಹೊಳೆದಿತ್ತು. ಈಗಲೇ ಶೀಟ್‌ಗೆ ಹಾಕ್ತೀನಿ ಇರಿ.

ಹಾಕಿದೆ. ಎಲ್ಲಾ ನಂಬರ್ ಅರ್ಧ ಮಾಡಿ, ಎರಡನೇ ಅರ್ಧವನ್ನ 3ನೇ ವರ್ಷಕ್ಕೆ ಶುರು ಮಾಡಿಸಿದೆ. ತಳ 172, ಅದೂ 6ನೇ ವರ್ಷ. ಅಂದ್ರೆ 187ಕ್ಕಿಂತ ಬರೀ 15 ಕಮ್ಮಿ! ಹಾಕಿದ್ದು ವಾಪಸ್ ಬರೋದು 12ನೇ ವರ್ಷ. ಮೊದಲ ಅರ್ಧ 3ನೇ ವರ್ಷಕ್ಕೆ ಇನ್ನೂ ಒಂದು ಪೈಸೆ ಕೊಟ್ಟಿರಲ್ಲ, ಆಗಲೇ ಎರಡನೇ ಅರ್ಧ ಬಾಯಿ ತೆರೆಯುತ್ತೆ, ಹಾಗಾಗಿ ಎರಡು ಗುಂಡಿ ಒಂದರ ಮೇಲೊಂದು ಬೀಳ್ತವೆ.

ಜಮಾಖರ್ಚು
ಮತ್ತೆ ಬೋರು, ಪಂಪು, ಡ್ರಿಪ್ಪಿನ ಮುಖ್ಯ ಪೈಪು, ಬೇಲಿ ಇವು ಅರ್ಧಕ್ಕೆ ಅರ್ಧ ಆಗಲ್ಲ, ಮೊದಲೇ ಪೂರ್ತಿ ಹಾಕ್ಬೇಕು. ಹಾಗಾಗಿ ಆ 15 ಕೂಡ ಉಳಿಯೋದು ಅನುಮಾನ. ಆದ್ರೂ ನಾನು ಎರಡು ಹಂತದಲ್ಲಿ ಮಾಡೋದನ್ನ ಬೇಡ ಅನ್ನಲ್ಲ. 3ನೇ ವರ್ಷ ಗಿಡ ನೋಡಿ, ಸರಿ ಇಲ್ಲ ಅನ್ಸಿದ್ರೆ ಎರಡನೇ ಅರ್ಧ ನೆಡದೇ ನಿಲ್ಲಿಸಬಹುದು, ಆಗ ಸಿಕ್ಕಿಹಾಕ್ಕೊಂಡಿರೋದು 81 ಮಾತ್ರ. ದುಡ್ಡು ಉಳಿಸೋಕೆ ಅಂತ ಮಾಡೋದಾದ್ರೆ ಆರೇಳು ವರ್ಷದ ಅಂತರ ಬೇಕು.

ಇನ್ನೊಂದು ಮಾತು ಬಾಕಿ ಇದೆ. ವರ್ಷದ ಕೊನೆಯ ನಂಬರ್ ನೋಡಿ ತಳ 187 ಅಂದ್ವಿ. ಆದ್ರೆ ಖರ್ಚು ವರ್ಷ ಪೂರ್ತಿ, ದುಡ್ಡು ಬರೋದು ಕೊಯ್ಲಿನ ಕೆಲವೇ ವಾರ. 6ನೇ ವರ್ಷದ 35ರಲ್ಲಿ ಕೊಯ್ಲಿಗೆ ಮೊದಲೇ 25 ಹೋಗಿರುತ್ತೆ ಅಂದ್ಕೊಳ್ಳಿ, ಆಗ ಕೊಯ್ಲಿನ ಹಿಂದಿನ ದಿನ ನೀವು ಮೈನಸ್ 212ರಲ್ಲಿ ಇರ್ತೀರಿ. ಖರೀದಿ ಮಾಡಿದವರು ದುಡ್ಡು ತಡ ಮಾಡಿದ್ರೆ ಕೊಯ್ಲಿನ ಕೂಲಿನೂ ಕೈಯಿಂದಲೇ. 4ರಿಂದ 8ನೇ ವರ್ಷದವರೆಗಾದ್ರೂ ಶೀಟನ್ನ ತಿಂಗಳ ಲೆಕ್ಕದಲ್ಲಿ ಒಡೀರಿ.

ತೋಟದದಾರಿ
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ತಿಂಗಳ ಲೆಕ್ಕ ಇವತ್ತು ರಾತ್ರಿ ಕೂತು ಮಾಡ್ತೀನಿ. ಒಂದು ವರ್ಷ ತಡ, ಅದರ ಮೇಲೆ ಕೊಯ್ಲಿನ ಹಿಂದಿನ ದಿನದ ಕೊರತೆ ಎರಡೂ ಸೇರಿಸಿದ್ರೆ 234 ಬರುತ್ತೆ, ಅಂತರಬೆಳೆಯ 25 ಕಳೆದ್ರೆ 209. ನನ್ನ ಹತ್ರ ಇರೋದು 170. ಉಳಿದ 40ಕ್ಕೆ ಮಾತ್ರ ಸಾಲ ಮಾಡಿ, ಅದನ್ನೂ ಶುರುವಲ್ಲೇ ತಗೊಳ್ಳದೇ 4ನೇ ವರ್ಷಕ್ಕೆ ತಗೊಂಡ್ರೆ ಬಡ್ಡಿ ಕಮ್ಮಿ ಬೀಳುತ್ತಲ್ವಾ?

ಅಸಲುಬಡ್ಡಿ
ಬಡ್ಡಿ ಖಂಡಿತ ಕಮ್ಮಿ. ಆದ್ರೆ 4ನೇ ವರ್ಷ ನಿಮ್ಮ ಕೈ ಖಾಲಿ ಆದ್ಮೇಲೆ ಕೇಳೋಕೆ ಹೋದ್ರೆ ಸಾಲ ಕೊಡೋರು ಹಿಂದೆ ಮುಂದೆ ನೋಡ್ತಾರೆ. ಈಗಲೇ ಮಂಜೂರು ಮಾಡಿಸಿ, ಹಂತ ಹಂತವಾಗಿ ಎತ್ತೋ ಹಾಗೆ ಬರೆಸ್ಕೊಳ್ಳಿ. ಎತ್ತದ ದುಡ್ಡಿಗೆ ಏನಾದ್ರೂ ಚಾರ್ಜ್ ಹಾಕ್ತಾರಾ ಅಂತ ಸಹಿ ಹಾಕೋ ಮೊದಲು ಕೇಳಿ.

ಮಣ್ಣುಮೂಲ
ತಳಿ ಫೈನಲ್ ಆದ್ಮೇಲೆ ಇಲ್ಲೇ ಹಾಕಿ, ವರ್ಷ ಬಿಟ್ಟು ವರ್ಷ ಬಿಡೋ ತಳಿ ಆದ್ರೆ 8ನೇ ವರ್ಷದಿಂದ ಮುಂದಿನ ಸಾಲುಗಳನ್ನೆಲ್ಲಾ ಮತ್ತೆ ಬರೀಬೇಕಾಗುತ್ತೆ.